ಬಚ್ಚಲಿನ ಸಂದಿಗೆ ನಾಲ್ಕನೇ ಸಲ ಸೀಲಂಟ್

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಗೆ ಹದಿನಾಲ್ಕು ವರ್ಷ ತುಂಬಿದೆ. ಕೆಳಗಿನ ಬಾತ್ ರೂಮ್ ಏಳಡಿ ಉದ್ದ, ಐದಡಿ ಅಗಲ. ಗೋಡೆಯ ಟೈಲ್ಸು ನೆಲದ ಟೈಲ್ಸಿಗೆ ಬಂದು ಕೂಡುತ್ತದಲ್ಲ, ಆ ಸಂದು ಕಪ್ಪಾಗುವುದು, ನಾನು ಅದಕ್ಕೆ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಯಾವುದಾದರೂ ಒಂದು ಟ್ಯೂಬ್ ತಂದು ಹಚ್ಚುವುದು, ಕೆಲವು ತಿಂಗಳಿಗೆ ಅದು ಮತ್ತೆ ಕಪ್ಪಾಗುವುದು. ನಾಲ್ಕು ವರ್ಷದಿಂದ ಇದೇ ಆಟ. ಈ ಫೆಬ್ರವರಿ ಕೊನೆಯಲ್ಲಿ ನಾಲ್ಕನೇ ಸಲ ಮಾಡಿದೆ. ಈ ಸಲ ಹಚ್ಚುವ ಮೊದಲು ಹಳೆಯದನ್ನೆಲ್ಲ ಕಿತ್ತು, ಪ್ರತಿ ಪದರ ಯಾಕೆ ಕೆಟ್ಟಿತು ಅಂತ ನೋಡಿದೆ. ಆವಾಗಲೇ ಗೊತ್ತಾಗಿದ್ದು, ಮೂರು ಸಲವೂ ತಪ್ಪು ಟ್ಯೂಬ್ ತಂದಿದ್ದೆ, ಜೊತೆಗೆ ಇನ್ನೊಂದು ದೊಡ್ಡ ತಪ್ಪೂ ಮಾಡಿದ್ದೆ.

ಮೊದಲನೆಯದು ಅಕ್ರಿಲಿಕ್. ಸಂದಿನ ವೈಟ್ ಸಿಮೆಂಟ್ ಬಿರುಕು ಬಿಟ್ಟಿತ್ತು. ಪೇಂಟ್ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ, "ಮೇಡಂ, ಇದು ಉಳಿದಿದೆ, ಅಲ್ಲಿಗೂ ಎಳೆದುಬಿಡ್ತೀನಿ" ಅಂದರು. ಗೋಡೆಯ ಬಿರುಕಿಗೆ ಹಾಕುವ ಬಿಳಿ ಟ್ಯೂಬ್ ಅದು. ನೋಡಲು ತುಂಬಾ ಚೆನ್ನಾಗಿ ಕೂತಿತು. ಮಾರನೇ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿದರು. ಸಂದಿನ ಉದ್ದಕ್ಕೂ ಹಾಲಿನಂಥ ಬಿಳಿ ನೀರು ಇಳಿದು ಮೋರಿಗೆ ಹೋಯಿತು.

ಅಕ್ರಿಲಿಕ್ ಸೀಲಂಟ್ ನೀರಿನಲ್ಲಿ ಕದಡಿದ ಪ್ಲಾಸ್ಟಿಕ್ ಇದ್ದ ಹಾಗೆ. ಒಳಗಿನ ನೀರು ಆರಿ ಹೋದರೆ ಮಾತ್ರ ಅದು ಗಟ್ಟಿ. ಪೂರ್ತಿ ಆರುವ ಮೊದಲು ನೀರು ಬಿದ್ದರೆ ಮತ್ತೆ ಕರಗಿ ಹರಿಯುತ್ತದೆ. ನೀರು ಆರುವುದು ಅಂದರೆ ಗಾತ್ರವೂ ಕುಗ್ಗುವುದು ಅಂತಲೇ. ಉಬ್ಬಿಸಿ ಹಚ್ಚಿದ್ದು ಹಳ್ಳ ಬೀಳುತ್ತದೆ, ಅಂಚು ಬಿಡುತ್ತದೆ. ಗೋಡೆ ಮತ್ತು ನೆಲ ಎರಡೂ ಬಿಸಿನೀರಿಗೆ, ತಣ್ಣೀರಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ಅಷ್ಟು ಎಳೆದಾಟ ತಡೆಯುವ ತಾಕತ್ತು ಸಾಧಾರಣ ಅಕ್ರಿಲಿಕ್‌ಗೆ ಇಲ್ಲ. ಆರು ತಿಂಗಳಲ್ಲಿ ಕೂದಲೆಳೆಯಷ್ಟು ಬಿರುಕು, ಅದರೊಳಗೆ ಸೋಪಿನ ನೀರು, ಆಮೇಲೆ ಕಪ್ಪು ಚುಕ್ಕಿ.

ಎರಡನೆಯದಕ್ಕೆ ನಾನೇ ಅಂಗಡಿಗೆ ಹೋದೆ. "ಸಿಲಿಕಾನ್ ಕೊಡಿ" ಅಂದೆ, ಕೊಟ್ಟರು. ಯಾವ ಸಿಲಿಕಾನ್ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ಜಿಪಿ, ಅಂದರೆ ಜನರಲ್ ಪರ್ಪಸ್, ಪಾರದರ್ಶಕ. ಗಾಜು, ಅಲ್ಯೂಮಿನಿಯಂ ಕಿಟಕಿಯವರು ಬಳಸುವಂಥದ್ದು. ಹಚ್ಚುವಾಗ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ವಾಸನೆ ಬಂದಾಗಲೇ ನಿಲ್ಲಿಸಬೇಕಿತ್ತು. ಈ ಬಗೆಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದಕ್ಕೇ ಅದನ್ನು ಅಸಿಟಾಕ್ಸಿ ಅನ್ನುತ್ತಾರೆ. ಗಾಜಿಗೆ ಅದರಿಂದ ತೊಂದರೆ ಇಲ್ಲ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ, ಆಮ್ಲ ಅದನ್ನು ತಿಂದು ಮೇಲೆ ಒಂದು ಪುಡಿ ಪದರ ಮಾಡುತ್ತದೆ. ಸಿಲಿಕಾನ್ ಹಿಡಿದುಕೊಳ್ಳುವುದು ಆ ಪುಡಿಯನ್ನೇ. ಇನ್ನೇನು, ಪುಡಿ ಬಿಟ್ಟರೆ ಅದೂ ಬಿಟ್ಟಿತು. ನಮ್ಮಲ್ಲಿ ಸೋಪು ಇಡಲು ಕಡಪ ಕಲ್ಲಿನ ಹಲಗೆ ಇದೆ. ಕಡಪವೂ ಸುಣ್ಣದ ಕಲ್ಲೇ. ಅದರ ಅಂಚಿನಲ್ಲಿ ಆವತ್ತು ಬಿದ್ದ ಬಿಳಿ ಮಾಸು ಇವತ್ತಿಗೂ ಇದೆ, ಎಣ್ಣೆ ಸವರಿದರೆ ಎರಡು ದಿನ ಕಾಣುವುದಿಲ್ಲ, ಅಷ್ಟೇ.

ಇದರ ಜೊತೆಗೆ ನಾನು ಆ ಸಿಲಿಕಾನನ್ನು ಹಳೇ ಅಕ್ರಿಲಿಕ್ ಮೇಲೆಯೇ ಎಳೆದಿದ್ದೆ. ಕೀಳಲು ಸೋಮಾರಿತನ. ಅಂಟಬೇಕಾದ್ದು ಟೈಲ್ಸಿಗೆ, ಅಂಟಿದ್ದು ಕುಗ್ಗಿ ಸಡಿಲವಾದ ಅಕ್ರಿಲಿಕ್‌ಗೆ. ಪಾರದರ್ಶಕವಾದ್ದರಿಂದ ಒಂದು ವಿಷಯ ಕಣ್ಣಿಗೇ ಕಂಡಿತು. ಮೇಲ್ಭಾಗ ನುಣುಪಾಗಿ ಚೊಕ್ಕಟವಾಗಿತ್ತು, ಕಪ್ಪು ಒಳಗಿನಿಂದ ಬರುತ್ತಿತ್ತು. ಗಾಜಿನ ಹಿಂದೆ ಮಸಿ ಇಟ್ಟ ಹಾಗೆ. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ. ಬ್ರಷ್ ಹಾಕಿ ತಿಕ್ಕಿದ್ದೇ ತಿಕ್ಕಿದ್ದು.

ಮೂರನೆಯದು ಪಿಯು, ಅಂದರೆ ಪಾಲಿಯುರೆಥೇನ್. ಟೆರೇಸಿನಲ್ಲಿ ಪೈಪ್ ಹೊರಬರುವ ಕಡೆ ಸೋರುತ್ತಿತ್ತು, ಅದಕ್ಕೆ ಹಾಕಿದ್ದು ಅಲ್ಲಾಡದೆ ನಿಂತಿತ್ತು. ಅಲ್ಲಿ ಅಷ್ಟು ಗಟ್ಟಿ ಇರುವುದು ಇಲ್ಲೂ ಇರುತ್ತದೆ ಅಂತ ಉಳಿದದ್ದನ್ನು ಬಚ್ಚಲಿಗೆ ತಂದೆ. ಸುಳ್ಳು ಹೇಳಬಾರದು, ಹಿಡಿತ ಮಾತ್ರ ಮೂರರಲ್ಲೂ ಇದರದ್ದೇ ಜಾಸ್ತಿ. ಈಗ ಕೀಳುವಾಗ ಒಂದು ಕಡೆ ಟೈಲ್ಸಿನ ಚಕ್ಕೆಯೇ ಎದ್ದು ಬಂತು. ಆದರೆ ಅದು ಗಟ್ಟಿಯಾಗುವಾಗ ಅಡಿಯಲ್ಲಿ ತೇವ ಇದ್ದರೆ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಒಳಗೆಲ್ಲ ಗುಳ್ಳೆ. ನನ್ನದನ್ನು ಬ್ಲೇಡಿನಿಂದ ಅಡ್ಡ ಕೊಯ್ದಾಗ ರವೆ ಇಡ್ಲಿ ಮುರಿದಂತೆ ಕಾಣಿಸಿತು. ಕಟ್ಟಡದ ಕೆಲಸಕ್ಕೆ ಬರುವ ಸಾಮಾನ್ಯ ಪಿಯುನಲ್ಲಿ ಬೂಷ್ಟು ತಡೆಯುವ ಔಷಧಿ ಬೆರೆಸಿರುವುದಿಲ್ಲ. ಮೈ ಸಿಲಿಕಾನಿನಷ್ಟು ನುಣುಪಲ್ಲ, ಕೊಳೆ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪಾಯಿತು ಅಂತ ಬ್ಲೀಚ್ ಹಾಕಿದರೆ ಹಳದಿಯಾಗುತ್ತಾ, ಮೇಲ್ಮೈ ಒರಟಾಗುತ್ತಾ ಹೋಗುತ್ತದೆ. ಒರಟಾದಷ್ಟೂ ಬೂಷ್ಟಿಗೆ ಜಾಗ.

ಇನ್ನು ನಾಲ್ಕನೇ ಸಲ.

ಮೊದಲ ದಿನ ಒಂದೇ ಕೆಲಸ, ಕಪ್ಪು ಎಲ್ಲಿದೆ ಅಂತ ಪತ್ತೆ ಮಾಡುವುದು. ಟಿಶ್ಯೂ ಪೇಪರನ್ನು ಬತ್ತಿಯ ಹಾಗೆ ಹೊಸೆದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಅದನ್ನು ಅದ್ದಿ, ಸಂದಿನ ಮೇಲೆ ಉದ್ದಕ್ಕೆ ಮಲಗಿಸಿ ಹದಿನೈದು ನಿಮಿಷ ಬಿಟ್ಟೆ. ಸುಮ್ನೆ ಸುರಿದರೆ ಹರಿದು ಹೋಗುತ್ತದೆ, ಬತ್ತಿ ಇದ್ದರೆ ಅಲ್ಲೇ ನಿಲ್ಲುತ್ತದೆ. ತೆಗೆದು ತೊಳೆದಾಗ ಬಾಗಿಲ ಬಳಿ ಸಂದು ಬೆಳ್ಳಗಾಗಿತ್ತು. ಅಂದರೆ ಅಲ್ಲಿ ಬೂಷ್ಟು ಬರೀ ಮೇಲಿತ್ತು, ಸೋಪಿನ ಜಿಡ್ಡು ತಿಂದು ಬೆಳೆದಿದ್ದು. ನಲ್ಲಿಯ ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಚೂರೂ ಬದಲಾಗಲಿಲ್ಲ. ಅಲ್ಲಿ ಕಪ್ಪು ಸೀಲಂಟಿನ ಹಿಂದೆ ಇದೆ. ಹಿಂದಿರುವುದಕ್ಕೆ ಮೇಲಿನಿಂದ ಬ್ಲೀಚ್ ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. ಬ್ಲೀಚ್ ಹಾಕುವ ದಿನ ಬಚ್ಚಲಿಗೆ ಆಸಿಡ್ ಆಗಲಿ ಕಮೋಡ್ ತೊಳೆಯುವ ದ್ರವವಾಗಲಿ ಮುಟ್ಟಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಸಣ್ಣ ಬಾತ್ ರೂಮಿನಲ್ಲಿ ಅದು ಹುಡುಗಾಟದ ವಿಷಯ ಅಲ್ಲ.

ಎರಡನೇ ದಿನ ಕೀಳುವ ಕೆಲಸ. ಕಟರ್ ಬ್ಲೇಡನ್ನು ಗೋಡೆಗೆ ಒರಗಿಸಿ ಒಂದು ಗೀರು, ನೆಲಕ್ಕೆ ಒರಗಿಸಿ ಇನ್ನೊಂದು ಗೀರು. ನಡುವೆ ಇರುವುದನ್ನು ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಹಗ್ಗದ ಹಾಗೆ ಬರುತ್ತದೆ. ನಲ್ಲಿಯ ಮೂಲೆಯಲ್ಲಿ ಅದು ಎಳೆಯದೆಯೇ ಬಂತು. ಒಂದಡಿ ಉದ್ದದ ತುಂಡು. ಮೇಲೆ ಹಳದಿ ಬಿಳಿ, ತಿರುಗಿಸಿದರೆ ಹಿಂಬದಿ ಪೂರ್ತಿ ಕಪ್ಪು, ಮುಟ್ಟಿದರೆ ಲೋಳೆ. ಹಳೇ ಬಾವಿಯ ವಾಸನೆ. ಅದರ ಹಿಂದಿನ ಸಿಮೆಂಟನ್ನು ಬೆರಳಲ್ಲಿ ಒತ್ತಿದೆ, ನೀರು ಒಸರಿತು. ಬೆಳಿಗ್ಗೆಯಿಂದ ಆ ಬಚ್ಚಲಲ್ಲಿ ಯಾರೂ ಒಂದು ಚೊಂಬು ನೀರು ಸುರಿದಿರಲಿಲ್ಲ.

ದೊಡ್ಡ ತಪ್ಪು ಅಂದೆನಲ್ಲ, ಅದು ಇದೇ. ಮೂರು ಸಲವೂ ನಾನು ಒದ್ದೆ ಸಿಮೆಂಟಿನ ಮೇಲೆ ಮುಚ್ಚಳ ಹಾಕಿದ್ದೆ. ಅಮ್ಮನಿಗೆ ಮಂಡಿನೋವು, ಮಹಡಿ ಹತ್ತಿ ಮೇಲಿನ ಬಚ್ಚಲಿಗೆ ಹೋಗಲಾರರು. ಅದಕ್ಕೇ ಪ್ರತಿ ಸಲ ರಾತ್ರಿ ಹಚ್ಚಿ ಬೆಳಿಗ್ಗೆ ನೀರು ಬಿಡುವ ಅವಸರ. ಅದೂ ಮಳೆಗಾಲದಲ್ಲಿ, ಬೂಷ್ಟು ಕಣ್ಣಿಗೆ ಹೊಡೆಯುವುದು ಆಗಲೇ ಅಲ್ವಾ? ಈ ಸಲ ಅಮ್ಮನನ್ನು ಮಂಡ್ಯದ ತಂಗಿ ಮನೆಗೆ ಹತ್ತು ದಿನಕ್ಕೆ ಕಳಿಸಿದೆ. "ಒಂದು ಸಂದು ತುಂಬೋದಕ್ಕೆ ಹತ್ತು ದಿನ ಬೇಕೇನೇ?" ಅಂತ ಬಸ್ ಹತ್ತುವವರೆಗೂ ಕೇಳುತ್ತಲೇ ಇದ್ದರು.

ಸಂದಿನಲ್ಲಿದ್ದ ಹಳೇ ವೈಟ್ ಸಿಮೆಂಟನ್ನೂ ಸ್ಕ್ರೂ ಡ್ರೈವರಿನಿಂದ ಕೆರೆದು ತೆಗೆದೆ. ಎರಡು ಗೋಡೆ ಕೂಡುವ ಮೂಲೆ, ಗೋಡೆ ಮತ್ತು ನೆಲ ಕೂಡುವ ಕಡೆ ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ವೈಟ್ ಸಿಮೆಂಟಿನಂಥ ಗಟ್ಟಿ ವಸ್ತು, ಇರಲೇಬಾರದು, ಬಿರುಕು ಬಿಡುವುದು ಖಂಡಿತ. ಕೆರೆದ ಮೇಲೆ ಸಂದು ಸುಮಾರು 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಆಳ ಆಯಿತು. ಮೊದಲು ಅಲ್ಲಿ 3 ಮಿಲಿಮೀಟರ್ ಕೂಡ ಇರಲಿಲ್ಲ. ಇದನ್ನು ಯಾಕೆ ಅಗಲ ಮಾಡಬೇಕು ಅಂದರೆ, ಒಳ್ಳೆ ಸಿಲಿಕಾನ್ ತನ್ನ ಅಗಲದ ಕಾಲು ಭಾಗದಷ್ಟು ಎಳೆತ ತಡೆಯುತ್ತದೆ. 6 ಮಿಲಿಮೀಟರಿಗೆ ಅದು ಒಂದೂವರೆ ಮಿಲಿಮೀಟರ್. 2 ಮಿಲಿಮೀಟರ್ ಸಂದಿನಲ್ಲಿ ಅರ್ಧ ಮಿಲಿಮೀಟರ್ ಮಾತ್ರ. ಟ್ಯೂಬ್ ಅದೇ, ಸಂದು ಕಿರಿದಾದರೆ ಬೇಗ ಹರಿಯುತ್ತದೆ.

ಬ್ಲೀಚ್ ದ್ರಾವಣ ಬ್ರಷ್ಷಿನಲ್ಲಿ ಸಂದಿನೊಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಎರಡು ಸಲ ಬರೀ ನೀರಿನಲ್ಲಿ ತೊಳೆದೆ. ಆಮೇಲೆ ವೆಂಟಿಲೇಟರ್ ಗಾಜು ತೆಗೆದು, ಬಾಗಿಲಲ್ಲಿ ಟೇಬಲ್ ಫ್ಯಾನ್ ಇಟ್ಟೆ.

ಎರಡು ದಿನ ಕಳೆದ ಮೇಲೆ, ಒಳಗೆ ತೇವ ಉಳಿದಿದೆಯಾ ಅಂತ ನೋಡಲು, ಸಂದಿನ ಮೇಲೆ ಅಲ್ಲಲ್ಲಿ ಪಾಲಿಥಿನ್ ತುಂಡು ಇಟ್ಟು ಸುತ್ತ ಟೇಪ್ ಹಾಕಿ ರಾತ್ರಿ ಪೂರ್ತಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಬಾಗಿಲ ಕಡೆ ತುಂಡುಗಳು ಒಣಗಿದ್ದವು. ನಲ್ಲಿ ಮೂಲೆಯ ತುಂಡಿನ ಒಳಗೆ ಮಂಜು ಕಟ್ಟಿದ ಹಾಗೆ ಹನಿ. ನೀರು ಬಳಸದೆ ಮೂರು ದಿನವಾಗಿದ್ದರೂ ಹನಿ! ಪೈಪ್ ಸೋರುತ್ತಿದೆಯೋ ಏನೋ ಅಂತ ಎದೆ ಧಸಕ್ ಅಂತು. ಟೈಲ್ಸ್ ಒಡೆಸಬೇಕಾದರೆ ಆ ಖರ್ಚೇ ಬೇರೆ. ಮೇಲಿನ ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ ಇನ್ನೆರಡು ದಿನ ಬಿಟ್ಟೆ. ಹನಿ ಕಡಿಮೆಯಾಗಿತ್ತು. ವಾಲ್ವ್ ತೆರೆದು ಮತ್ತೊಂದು ರಾತ್ರಿ ಬಿಟ್ಟೆ. ಹನಿ ಹೆಚ್ಚಾಗಲಿಲ್ಲ, ಪೂರ್ತಿ ಒಣಗಿತ್ತು. ಸದ್ಯ, ಪೈಪ್ ಅಲ್ಲ.

ಹಾಗಾದರೆ ನೀರು ಎಲ್ಲಿಂದ? ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟಾಗ ಕಂಡಿತು. ಮಗ್ಗಿನಲ್ಲಿ ಮೈಗೆ ಸುರಿದುಕೊಂಡಾಗ ನೀರು ಸಿಡಿಯುವ ಎತ್ತರದಲ್ಲಿ, ಎರಡು ಸಾಲು ಟೈಲ್ಸಿನ ನಡುವಿನ ವೈಟ್ ಸಿಮೆಂಟ್ ಸವೆದು ಗುಂಡಿ ಬಿದ್ದಿತ್ತು. ವಾರ ವಾರ ಆಸಿಡ್ ಹಾಕಿ ತೊಳೆದ ಫಲ. ಅಲ್ಲಿಂದ ಹೊಕ್ಕ ನೀರು ಟೈಲ್ಸಿನ ಹಿಂದಿನ ಗಾರೆ ಕುಡಿದು, ನಿಧಾನಕ್ಕೆ ಕೆಳಗಿಳಿದು, ಮೂಲೆಯಲ್ಲಿ ಸೀಲಂಟಿನ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ಅಂಥ ಕಡೆ ಎಷ್ಟು ದುಬಾರಿ ಟ್ಯೂಬ್ ಹಾಕಿದರೂ ಆರು ತಿಂಗಳ ಮಾತು. ಆ ಸಾಲುಗಳನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿದೆ. ಅದು ನೀರು ಕುಡಿಯುವುದಿಲ್ಲ, ಆಸಿಡ್ಡಿಗೂ ಬೇಗ ಬಗ್ಗುವುದಿಲ್ಲ. ಆದರೆ ಹಚ್ಚಿದ ಕೂಡಲೇ ಟೈಲ್ಸ್ ಮೇಲಿನದನ್ನು ಒರೆಸಬೇಕು, ಒಣಗಿದರೆ ಉಳಿಯಲ್ಲೂ ಹೋಗುವುದಿಲ್ಲ.

ಈಗ ಟ್ಯೂಬ್ ಆರಿಸುವ ಮಾತು. ಅಂಗಡಿಯಲ್ಲಿ ಈ ಸಲ ಕೇಳಿದ್ದು ಹೀಗೆ: "ನ್ಯೂಟ್ರಲ್ ಕ್ಯೂರ್, ಸ್ಯಾನಿಟರಿ ಸಿಲಿಕಾನ್, ಬಿಳಿ." ಅಂಗಡಿಯವರು ಮೊದಲು ಮತ್ತೆ ಜಿಪಿ ಟ್ಯೂಬನ್ನೇ ಮುಂದಿಟ್ಟು, "ಎಲ್ಲಾ ಒಂದೇ ಮೇಡಂ" ಅಂದರು. ಒಂದೇ ಅಲ್ಲ. ನ್ಯೂಟ್ರಲ್ ಅಂದರೆ ಆಮ್ಲ ಬಿಡುವುದಿಲ್ಲ, ಆದ್ದರಿಂದ ಸಿಮೆಂಟು, ಕಡಪ, ನಲ್ಲಿಯ ಲೋಹ ಯಾವುದಕ್ಕೂ ತೊಂದರೆ ಇಲ್ಲ. ಸ್ಯಾನಿಟರಿ ಅಂದರೆ ಬೂಷ್ಟು ತಡೆಯುವ ಔಷಧಿ ಬೆರೆಸಿದ್ದು. ಇವೆರಡೂ ಬೇರೆ ಬೇರೆ ಗುಣ. ವಿನೆಗರ್ ವಾಸನೆಯ ಸ್ಯಾನಿಟರಿಯೂ ಇದೆ, ಔಷಧಿ ಇಲ್ಲದ ನ್ಯೂಟ್ರಲ್ಲೂ ಇದೆ. ಟ್ಯೂಬಿನ ಹಿಂದೆ ಎರಡೂ ಮಾತು ಇದೆಯಾ ಅಂತ ಓದಿ ತೆಗೆದುಕೊಳ್ಳಬೇಕು. ತಯಾರಾದ ತಾರೀಖನ್ನೂ ನೋಡಿ. ಅವಧಿ ಮೀರಿದ್ದು ಕೊನೆಗೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು. ತೀರಾ ಅಗ್ಗದ ಸಿಲಿಕಾನಿನಲ್ಲಿ ಖನಿಜ ತೈಲ ಬೆರೆಸಿರುತ್ತಾರೆ. ಎಣ್ಣೆ ಕ್ರಮೇಣ ಹೊರಬಂದು ಸೀಲಂಟ್ ಕುಗ್ಗುತ್ತದೆ, ಕಲ್ಲಿಗೆ ಕಲೆ ಆಗುತ್ತದೆ. ನಾನು ತಂದದ್ದಕ್ಕೆ ಜಿಪಿಯ ಹೆಚ್ಚೂಕಡಿಮೆ ಎರಡರಷ್ಟು ಬೆಲೆ ಬಿತ್ತು.

ಎಷ್ಟು ಬೇಕು? ಬಾಗಿಲು ಬಿಟ್ಟು ನೆಲದ ಸುತ್ತ ಆರೂವರೆ ಮೀಟರ್, ನಲ್ಲಿ ಕಡೆಯ ಎರಡು ಮೂಲೆ ಆರಡಿ ಎತ್ತರದವರೆಗೆ ಮೂರೂವರೆ ಮೀಟರ್, ಒಟ್ಟು ಹತ್ತು. ಅಗಲ 6, ಆಳ 5 ಮಿಲಿಮೀಟರ್ ಅಂದರೆ ಒಂದು ಮೀಟರಿಗೆ 30 ಮಿಲಿಲೀಟರ್. ಹತ್ತು ಮೀಟರಿಗೆ 300. ಒಂದು ಟ್ಯೂಬಿನಲ್ಲಿ 280 ಇರುತ್ತದೆ. ಎರಡು ತಂದೆ, ಮಧ್ಯೆ ನಿಲ್ಲಿಸಿ ಅಂಗಡಿಗೆ ಓಡಿದರೆ ಅಲ್ಲೊಂದು ಜೋಡು ಬೀಳುತ್ತದೆ.

ಆಳ 8 ಇತ್ತಲ್ಲ, 5 ಹೇಗಾಯಿತು ಅಂತ ಕೇಳಬಹುದು. ತಳಕ್ಕೆ ಫೋಮ್ ಹಾಕಿದೆ. ಇದಕ್ಕೆಂದೇ ಬ್ಯಾಕರ್ ರಾಡ್ ಅಂತ ಫೋಮಿನ ಹುರಿ ಬರುತ್ತದೆ, ನಾನು ಹೋದ ಎರಡು ಅಂಗಡಿಯಲ್ಲಿ ಇರಲಿಲ್ಲ. ವಾಷಿಂಗ್ ಮೆಷಿನ್ ಜೊತೆ ಬಂದ ತೆಳು ಬಿಳಿ ಪಾಲಿಥಿನ್ ಫೋಮ್ ಹಾಳೆಯನ್ನು ಪಟ್ಟಿ ಕತ್ತರಿಸಿ ತುರುಕಿದೆ. ಪಾಲಿಥಿನ್‌ಗೆ ಸಿಲಿಕಾನ್ ಸರಿಯಾಗಿ ಅಂಟುವುದಿಲ್ಲ, ಇಲ್ಲಿ ನಮಗೆ ಬೇಕಾದ್ದೇ ಅದು. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ರಬ್ಬರ್ ಬ್ಯಾಂಡನ್ನು ಮಧ್ಯದಲ್ಲಿ ಮೊಳೆ ಹೊಡೆದು ಎಳೆದ ಹಾಗೆ, ಹರಿಯದೆ ಇನ್ನೇನಾಗುತ್ತದೆ?

ಹಚ್ಚುವ ದಿನ ಪಾಲಿಥಿನ್ ತುಂಡುಗಳೆಲ್ಲ ಒಣಗಿದ್ದವು. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ, ಟೈಲ್ಸಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿದೆ. ಟ್ಯೂಬ್ ಒತ್ತುವ ಗನ್ನನ್ನು ಓರೆ ಹಿಡಿದು, ನಳಿಗೆಯ ಮುಂದೆ ಸೀಲಂಟ್ ಸ್ವಲ್ಪ ಉಬ್ಬಿ ಹೋಗುವಷ್ಟು ನಿಧಾನಕ್ಕೆ ತಳ್ಳಿದೆ. ಎರಡು ಮೀಟರಿಗೆ ಒಮ್ಮೆ ನಿಲ್ಲಿಸಿ ಐಸ್ ಕ್ರೀಮ್ ಕಡ್ಡಿಯ ಬೆನ್ನಿನಿಂದ ಒಂದೇ ಸಲ ಎಳೆದು, ಕೂಡಲೇ ಟೇಪ್ ಕಿತ್ತೆ. ಹತ್ತು ನಿಮಿಷ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಆಮೇಲೆ ಟೇಪ್ ಎಳೆದರೆ ಅಂಚು ಹರಿದು ಬರುತ್ತದೆ. ಒಂದು ಕಡೆ ನನಗೂ ಹಾಗೇ ಆಯಿತು. ಬೆರಳಿಗೆ ಸೋಪಿನ ನೀರು ಮಾಡಿಕೊಂಡು ಸವರುವ ಅಭ್ಯಾಸ ಎಲ್ಲರಿಗೂ ಇದೆ, ನನಗೂ ಇತ್ತು. ಈ ಸಲ ಬಿಟ್ಟೆ. ಆ ನೀರು ಇನ್ನೂ ಸೀಲಂಟ್ ತಾಗದ ಟೈಲ್ಸಿನ ಮೇಲೆ ಹರಿದರೆ ಅಲ್ಲಿ ಅಂಟುವುದಿಲ್ಲ. ಸಾಲದ್ದಕ್ಕೆ ಸೋಪು ಬೂಷ್ಟಿನ ಊಟ.

ಸಿಲಿಕಾನ್ ಒಣಗುವುದು ಗಾಳಿಯ ತೇವ ಹೀರಿ, ಮೇಲಿನಿಂದ ಒಳಕ್ಕೆ, ದಿನಕ್ಕೆ ಸುಮಾರು 2 ಮಿಲಿಮೀಟರ್. 5 ಮಿಲಿಮೀಟರಿಗೆ ಮೂರು ದಿನ ಬಿಟ್ಟೆ. ಮುಟ್ಟಿದರೆ ಮೊದಲ ಸಂಜೆಯೇ ಒಣಗಿದ ಹಾಗಿರುತ್ತದೆ, ನಂಬಬಾರದು. ಅಮ್ಮ ಹನ್ನೊಂದನೇ ದಿನ ಬಂದರು. ಅದೇ ಟ್ಯೂಬಿನ ಉಳಿಕೆಯನ್ನು ಕಮೋಡಿನ ಬುಡಕ್ಕೆ ಹಾಕಿದೆ, ಹಿಂದೆ ಎರಡು ಇಂಚು ಬಿಟ್ಟು. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಗೊತ್ತಾಗಲಿ ಅಂತ.

ಅಕ್ರಿಲಿಕ್ ಇನ್ನೂ ಅರ್ಧ ಟ್ಯೂಬ್ ಇತ್ತು. ಬಾಗಿಲ ಚೌಕಟ್ಟಿನ ಹೊರಬದಿಗೆ, ಗೋಡೆ ಕೂಡುವಲ್ಲಿ ಹಾಕಿ ಮೇಲೆ ಪೇಂಟ್ ಹೊಡೆದೆ. ಅಲ್ಲಿ ನೀರಿಲ್ಲ, ಪೇಂಟ್ ಬೇಕು. ಸಿಲಿಕಾನ್ ಮೇಲೆ ಪೇಂಟ್ ನಿಲ್ಲುವುದಿಲ್ಲ. ಪಿಯು ಟೆರೇಸಿಗೇ ವಾಪಸ್ ಹೋಯಿತು.

ಇವತ್ತಿಗೆ ಏಳು ತಿಂಗಳು, ಒಂದು ಮಳೆಗಾಲ ಕಳೆದಿದೆ. ನಲ್ಲಿ ಮೂಲೆ ಬೆಳ್ಳಗಿದೆ. ಶಾಂಪೂ ಬಾಟಲಿ ನೆಲದ ಮೇಲೆ ಇಡುವ ಜಾಗದಲ್ಲಿ ಮಾತ್ರ ಕಳೆದ ವಾರ ನಾಲ್ಕೈದು ಕಪ್ಪು ಚುಕ್ಕಿ ಕಾಣಿಸಿತು. ಬತ್ತಿ ಹೊಸೆದು ಹದಿನೈದು ನಿಮಿಷ ಇಟ್ಟೆ, ಹೋಯಿತು. ಅಂದರೆ ಮೇಲಿನದ್ದು, ಹಿಂದೆ ತೇವ ಇಲ್ಲ. ಬೆರೆಸಿದ ಔಷಧಿ ನೀರಿನ ಜೊತೆ ವರ್ಷದಿಂದ ವರ್ಷಕ್ಕೆ ತೊಳೆದು ಹೋಗುತ್ತದೆ, ಆದ್ದರಿಂದ ಇಂಥ ಚುಕ್ಕಿ ಇನ್ನು ಮುಂದೆ ಜಾಸ್ತಿಯೇ ಆಗಬಹುದು. ಬಾಟಲಿಗಳನ್ನು ಕಡಪದ ಹಲಗೆ ಮೇಲೆ ಇಟ್ಟಿದ್ದೇನೆ. ಅಮ್ಮ ಬಗ್ಗಿ ತೆಗೆದುಕೊಳ್ಳುವುದು ತಪ್ಪಿತು ಅಂತ ಅದಕ್ಕೆ ಮಾತ್ರ ಖುಷಿಯಾಗಿದ್ದಾರೆ.